ಅಪ್ಪನ ಶೇರುಗಳನ್ನು ಐಇಪಿಎಫ್‌ನಿಂದ ವಾಪಸ್ ಪಡೆದ ಬಗೆ: ನನ್ನ ಅನುಭವ

ಐಇಪಿಎಫ್ ಅಂದರೆ ವರ್ಷಗಟ್ಟಲೆ ಯಾರೂ ಕೇಳದ ಡಿವಿಡೆಂಡ್, ಶೇರುಗಳು ಹೋಗಿ ಸೇರುವ ಸರ್ಕಾರದ ನಿಧಿ. ಅಲ್ಲಿಗೆ ಹೋದ ಶೇರು ವಾಪಸ್ ತರಬೇಕು ಅಂದರೆ ಎಲ್ಲರೂ ಮೊದಲು ನೋಡುವುದು ಸರ್ಕಾರದ ಫಾರ್ಮ್ IEPF-5 ಕಡೆಗೆ. ಆ ಫಾರ್ಮ್ ತುಂಬುವುದು ಅರ್ಧ ದಿನದ ಕೆಲಸ. ಕಷ್ಟ ಇರುವುದು ಅದಕ್ಕೂ ಮೊದಲು. ಕಂಪನಿಯ ರಿಜಿಸ್ಟರಿನಲ್ಲಿರುವ ಹೆಸರಿನ ಮನುಷ್ಯನೂ ನಿಮ್ಮ ಮನೆಯಲ್ಲಿ ತೀರಿಕೊಂಡವರೂ ಒಬ್ಬರೇ, ನೀವೇ ಅವರ ವಾರಸುದಾರರು ಅಂತ ಕಂಪನಿಯ ಶೇರು ರಿಜಿಸ್ಟ್ರಾರ್, ಅಂದರೆ ಆರ್‌ಟಿಎ, ಒಪ್ಪಬೇಕು. ನಮ್ಮ ಸಮಯವೆಲ್ಲ ಹೋಗಿದ್ದು ಅಲ್ಲೇ.

ನಮ್ಮಪ್ಪ 1992ರಲ್ಲಿ ಒಂದು ಕಂಪನಿಯ 100 ಶೇರು ಕೊಂಡಿದ್ದರು. ಆಗ ಮುಖಬೆಲೆ 10 ರೂಪಾಯಿ, ಎಲ್ಲ ಕಾಗದದ ಸರ್ಟಿಫಿಕೇಟು, ಅವರೊಬ್ಬರದೇ ಹೆಸರು, ನಾಮಿನಿ ಯಾರೂ ಇಲ್ಲ. 2009ರಲ್ಲಿ ಅಪ್ಪ ತೀರಿಕೊಂಡರು. ಆಮೇಲೆ ಬಂದ ಡಿವಿಡೆಂಡ್ ವಾರಂಟುಗಳನ್ನು ಯಾರೂ ಬ್ಯಾಂಕಿಗೆ ಹಾಕಲಿಲ್ಲ. ಮನೆ ಬದಲಾದ ಮೇಲೆ ಅವು ಬರುವುದೂ ನಿಂತುಹೋಯಿತು.

ಕಾನೂನು ಹೀಗಿದೆ. ಯಾರೂ ಕೇಳದ ಡಿವಿಡೆಂಡ್ ಕಂಪನಿಯ ಅನ್‌ಪೇಯ್ಡ್ ಡಿವಿಡೆಂಡ್ ಖಾತೆಯಲ್ಲಿ 7 ವರ್ಷ ಇರುತ್ತದೆ, ಆಮೇಲೆ ಐಇಪಿಎಫ್‌ಗೆ ಹೋಗುತ್ತದೆ. ಸತತ 7 ವರ್ಷ ಡಿವಿಡೆಂಡ್ ತೆಗೆದುಕೊಳ್ಳದಿದ್ದರೆ ಶೇರುಗಳೂ ಹೋಗುತ್ತವೆ. ಇದು 2013ರ ಕಂಪನಿ ಕಾಯ್ದೆಯ 124ನೇ ಸೆಕ್ಷನ್. ಹೋಗುವ ಮೊದಲು ಕಂಪನಿ ಪತ್ರ ಬರೆಯಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆ ಪತ್ರ ಹಳೇ ವಿಳಾಸಕ್ಕೇ ಹೋಗಿರುತ್ತದೆ, ಅಲ್ವಾ? ಹೋದದ್ದನ್ನು ಕೇಳಲು ಮಾತ್ರ ಕೊನೇ ದಿನಾಂಕ ಇಲ್ಲ. ಹಾಗಾಗಿ ಯಾರಾದರೂ ಫೋನ್ ಮಾಡಿ "ಇವತ್ತೇ ಮಾಡಿಸಿ, ಇಲ್ಲದಿದ್ದರೆ ಹೋಯ್ತು" ಅಂದರೆ ಹೆದರಬೇಡಿ. ಯಾರ್ಯಾರ ಶೇರು, ಡಿವಿಡೆಂಡ್ ಐಇಪಿಎಫ್‌ಗೆ ಹೋಗಿದೆ ಅನ್ನುವ ಪಟ್ಟಿಗಳು ಎಲ್ಲರಿಗೂ ಕಾಣುವಂತೆ ಇರುತ್ತವೆ. ಬಂದ ಹಣದಲ್ಲಿ ಇಷ್ಟು ಪಾಲು ಕೊಡಿ ಅನ್ನುವ ಏಜೆಂಟರು ಅಲ್ಲಿಂದಲೇ ಹೆಸರು ಹುಡುಕುವುದು.

ನಾವು iepf.gov.in ತಾಣದಲ್ಲಿ ಅಪ್ಪನ ಹೆಸರು ಹುಡುಕಿದೆವು. ಸಿಕ್ಕಿದ್ದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಮನೆಯಲ್ಲಿದ್ದ ಸರ್ಟಿಫಿಕೇಟಿನಲ್ಲಿ 100 ಶೇರು, ಪಟ್ಟಿಯಲ್ಲಿ 1,000. ನಡುವೆ 10 ರೂಪಾಯಿ ಮುಖಬೆಲೆ 2 ರೂಪಾಯಿಗೆ ಒಡೆದು 100 ಇದ್ದದ್ದು 500 ಆಗಿತ್ತು. ಆಮೇಲೆ ಒಂದಕ್ಕೊಂದು ಬೋನಸ್ ಬಂದು 1,000. ಅಂದರೆ ನಮ್ಮ ಕೈಯಲ್ಲಿದ್ದ ಕಾಗದ ಎಂದೋ ರದ್ದಾಗಿದೆ, ಹೊಸ ಸರ್ಟಿಫಿಕೇಟುಗಳು ನಮ್ಮ ಕೈ ಸೇರಲೇ ಇಲ್ಲ. ಇದರಿಂದ ತೊಂದರೆ ಆಗಲಿಲ್ಲ. ಶೇರುಗಳನ್ನು ಐಇಪಿಎಫ್‌ಗೆ ಕಳಿಸುವಾಗ ಕಂಪನಿಯೇ ಹೊಸ ಸರ್ಟಿಫಿಕೇಟು ಮಾಡಿ ಡಿಮ್ಯಾಟ್‌ಗೆ, ಅಂದರೆ ಶೇರು ಕಾಗದವಿಲ್ಲದೆ ಕಂಪ್ಯೂಟರಿನಲ್ಲೇ ಇರುವ ಖಾತೆಗೆ, ಹಾಕುತ್ತದೆ, ಮೂಲ ಸರ್ಟಿಫಿಕೇಟಿಗೆ ಆಮೇಲೆ ಬೆಲೆ ಇಲ್ಲ. ಆದರೂ ಹಳೇ ಕಾಗದ ಎಸೆಯಬೇಡಿ. ಅದರಲ್ಲಿ ಫೋಲಿಯೋ ನಂಬರ್, ಅಂದರೆ ಕಂಪನಿಯ ರಿಜಿಸ್ಟರಿನಲ್ಲಿ ಶೇರುದಾರರಿಗೆ ಇರುವ ನಂಬರ್, ಇರುತ್ತದೆ, ಆರ್‌ಟಿಎ ಜೊತೆಗಿನ ಎಲ್ಲ ಮಾತೂ ಆ ನಂಬರಿನಿಂದಲೇ ಶುರು.

ಫೋಲಿಯೋ ನಂಬರ್ ಹಾಕಿ ಆರ್‌ಟಿಎಗೆ ಇಮೇಲ್ ಮಾಡಿ ಎರಡು ವಿಷಯ ಕೇಳಿದೆ. ಎಷ್ಟು ಶೇರು, ಯಾವ್ಯಾವ ವರ್ಷದ ಎಷ್ಟೆಷ್ಟು ಡಿವಿಡೆಂಡ್ ಐಇಪಿಎಫ್‌ನಲ್ಲಿದೆ ಅನ್ನುವುದು ಒಂದು. ತೀರಿಕೊಂಡವರ ವಾರಸುದಾರರು ಏನೇನು ಕೊಡಬೇಕು ಅನ್ನುವುದು ಇನ್ನೊಂದು. ಈ ಎರಡನೇ ಪಟ್ಟಿ ಕೈಗೆ ಬರುವವರೆಗೆ ಒಂದು ಛಾಪಾ ಕಾಗದವನ್ನೂ ಕೊಳ್ಳಬೇಡಿ. ಬಾಂಡ್, ಅಫಿಡವಿಟ್‌ಗಳ ಒಕ್ಕಣೆಯನ್ನು ಅವರೇ ಕಳಿಸುತ್ತಾರೆ. ನೋಟರಿಯವರ ಹತ್ತಿರ ಇರುವ ಸಾಮಾನ್ಯ ನಮೂನೆ ನಡೆಯುವುದಿಲ್ಲ.

ಮೊದಲು ತೀರ್ಮಾನ ಆಗಬೇಕಾದದ್ದು ಬೆಲೆ. ಕಾಗದದ ಶೇರುಗಳ ಬೆಲೆ ಒಂದು ಕಂಪನಿಗೆ 5 ಲಕ್ಷ ರೂಪಾಯಿ ಮೀರದಿದ್ದರೆ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಬೇಡ. ವಂಶವೃಕ್ಷ, ಅಫಿಡವಿಟ್, ಮುಂದೆ ನಷ್ಟವಾದರೆ ನಾವೇ ತುಂಬಿಕೊಡುತ್ತೇವೆ ಅನ್ನುವ ಇಂಡೆಮ್ನಿಟಿ ಬಾಂಡ್, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಾಕು. ಮೀರಿದರೆ ಸಿವಿಲ್ ಕೋರ್ಟಿಗೆ ಹೋಗಬೇಕು, ಕೋರ್ಟ್ ಫೀ ಕಟ್ಟಬೇಕು, ತಿಂಗಳುಗಟ್ಟಲೆ ಕಾಯಬೇಕು. ಲೆಕ್ಕಕ್ಕೆ ಬರುವುದು ಅಪ್ಪ ಕೊಂಡ ಬೆಲೆಯೂ ಅಲ್ಲ, ತೀರಿಕೊಂಡ ದಿನದ ಬೆಲೆಯೂ ಅಲ್ಲ, ಅರ್ಜಿ ಕೊಡುವ ದಿನದ ಮಾರುಕಟ್ಟೆ ಬೆಲೆ. ನಮ್ಮ ಶೇರು ಆಗ 340 ರೂಪಾಯಿಯ ಆಸುಪಾಸಿನಲ್ಲಿತ್ತು, ಒಟ್ಟು ಸುಮಾರು 3.4 ಲಕ್ಷ. 500 ರೂಪಾಯಿ ದಾಟಿದ್ದರೆ ಇದೇ ಕೇಸು ಕೋರ್ಟಿಗೆ ಹೋಗುತ್ತಿತ್ತು. ಗಡಿಯ ಹತ್ತಿರ ಇರುವವರು ಕಾಗದಪತ್ರಗಳಲ್ಲಿ ತಡ ಮಾಡಬಾರದು ಅನ್ನುವುದು ಇದಕ್ಕೇ.

ವಂಶವೃಕ್ಷವನ್ನು ನಾಡಕಚೇರಿಯಲ್ಲಿ ಮಾಡಿಸಿದೆವು. ಅಮ್ಮ, ನಾನು, ತಂಗಿ ಅಂತ ಮೂರು ಹೆಸರು ಬಂತು. ಅದು ಸಾಕು ಅಂದುಕೊಂಡರೆ ಆರ್‌ಟಿಎಯಿಂದ ಪ್ರಶ್ನೆ ಬಂತು: "ಮೃತರ ತಾಯಿ ಇದ್ದಾರೆಯೇ?" ಕೇಳಿದ್ದು ಸರಿಯಾಗಿಯೇ ಇತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ ಮಕ್ಕಳ ಜೊತೆಗೆ ಅವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ತಂದೆ ಅಲ್ಲ, ತಾಯಿ. ನಮ್ಮಜ್ಜಿ ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರು, ಅವರ ಮರಣ ಪ್ರಮಾಣಪತ್ರ ಕೊಟ್ಟು ಮುಗಿಸಿದೆವು. ಅಜ್ಜಿ ಅಪ್ಪ ಹೋದ ಮೇಲೆ ಒಂದು ವರ್ಷ ಬದುಕಿದ್ದರೂ ಅವರ ಪಾಲು ಅವರ ಬೇರೆ ಮಕ್ಕಳಿಗೂ ಹೋಗುತ್ತಿತ್ತು. ಆಗ ಚಿಕ್ಕಪ್ಪ, ಅತ್ತೆ ಎಲ್ಲರ ಸಹಿಗೂ ಓಡಾಡಬೇಕಿತ್ತು. ನಿಮ್ಮ ಮನೆಯಲ್ಲಿ ಹಾಗಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಬಾಂಡಿನಲ್ಲಿ ಬೇರೆ ವಾರಸುದಾರರಿಲ್ಲ ಅಂತ ಬರೆದು ಸಹಿ ಹಾಕುವವರು ನೀವೇ.

ಇನ್ನು ಹೆಸರು. ಕರ್ನಾಟಕದ ಹಳೇ ಹೆಸರುಗಳಿಗೆ ಇದು ಬಂದೇ ಬರುವ ಕಾಟ. ಕಂಪನಿಯ ರಿಜಿಸ್ಟರಿನಲ್ಲಿ ಅಪ್ಪ "H S RAMACHANDRA". ಮರಣ ಪ್ರಮಾಣಪತ್ರದಲ್ಲಿ "ರಾಮಚಂದ್ರಯ್ಯ", ಇನಿಷಿಯಲ್ ಇಲ್ಲ, ತಂದೆಯ ಹೆಸರು ಬೇರೆ ಕಾಲಂನಲ್ಲಿ. ವಂಶವೃಕ್ಷದಲ್ಲಿ "ರಾಮಚಂದ್ರಯ್ಯ ಬಿನ್ ಸಿದ್ದಪ್ಪ". ಎಚ್ ಅಂದರೆ ಊರು, ಎಸ್ ಅಂದರೆ ತಾತ ಅಂತ ನಮಗೆ ಗೊತ್ತು. ಬೇರೆ ರಾಜ್ಯದಲ್ಲಿ ಕೂತು ಫೈಲ್ ನೋಡುವವರಿಗೆ ಇವರು ಮೂರು ಜನ.

ದಾರಿ ಎರಡಿದ್ದವು. ಒಂದು, ಜನನ ಮರಣ ನೋಂದಣಾಧಿಕಾರಿಯ ಹತ್ತಿರ ಹೋಗಿ ಮರಣ ಪ್ರಮಾಣಪತ್ರವನ್ನೇ ತಿದ್ದಿಸುವುದು. ನಾವು ಅದನ್ನು ಬಿಟ್ಟೆವು. ಅದನ್ನು ತಿದ್ದಿದರೆ ಅಮ್ಮನ ಪೆನ್ಷನ್ ಕಾಗದ, ಮನೆಯ ಖಾತೆ ಎಲ್ಲದರ ಜೊತೆ ಹೊಸದಾಗಿ ತಾಳೆ ತಪ್ಪುತ್ತದೆ. ಇನ್ನೊಂದು, ಎರಡೂ ಹೆಸರು ಒಬ್ಬರದೇ ಅಂತ ಅಮ್ಮನಿಂದ ಅಫಿಡವಿಟ್. ಆದರೆ ಸುಮ್ನೆ ಅಫಿಡವಿಟ್ ಕೊಟ್ಟರೆ ನಂಬುವುದಿಲ್ಲ. ರಿಜಿಸ್ಟರಿನ ಹೆಸರನ್ನೂ ಮನೆಯ ಹೆಸರನ್ನೂ ಜೋಡಿಸುವ ಒಂದು ಹಳೇ ದಾಖಲೆ ಬೇಕು. ನಮಗೆ ಒದಗಿದ್ದು ಅಪ್ಪನ ಪೆನ್ಷನ್ ಆದೇಶ. ಅದರಲ್ಲಿ "ಎಚ್. ಎಸ್. ರಾಮಚಂದ್ರಯ್ಯ" ಅಂತ ಇನಿಷಿಯಲ್ ಸಮೇತ ಇತ್ತು, ಅಮ್ಮನ ಹೆಸರೂ ಇತ್ತು. ಜೊತೆಗೆ 1992ರ ಬ್ಯಾಂಕ್ ಪಾಸ್‌ಬುಕ್. ಅದರಲ್ಲಿ "ರಾಮಚಂದ್ರ ಎಚ್. ಎಸ್.", ವಿಳಾಸ ಶೇರು ಸರ್ಟಿಫಿಕೇಟಿನಲ್ಲಿದ್ದದ್ದೇ. ವಿಳಾಸ ಕೂಡಿ ಬಂದದ್ದು ದೊಡ್ಡ ಸಹಾಯ. ಹೆಸರಿಗಿಂತ ಅದನ್ನೇ ಅವರು ಹೆಚ್ಚು ನೋಡುತ್ತಾರೆ ಅಂತ ನನಗನ್ನಿಸಿತು. ಹಳೇ ಟ್ರಂಕು ಖಾಲಿ ಮಾಡುವವರು ಪಾಸ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಡಿ.

ಕ್ಲೇಮ್ ಯಾರ ಹೆಸರಿನಲ್ಲಿ? ಅಮ್ಮನದೇ ಅಂತ ಮೊದಲೇ ಮಾತಾಡಿಕೊಂಡೆವು. ನಾನೂ ತಂಗಿಯೂ ಒಪ್ಪಿಗೆ ಪತ್ರ ಕೊಟ್ಟೆವು. ಅಮ್ಮನ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ, ಡಿಮ್ಯಾಟ್ ನಾಲ್ಕರಲ್ಲೂ ಹೆಸರು ಒಂದೇ ಥರ ಇರಬೇಕು. ಅಮ್ಮನ ಆಧಾರಿನಲ್ಲಿ "ಪಾರ್ವತಮ್ಮ", ಪ್ಯಾನಿನಲ್ಲಿ "ಪಾರ್ವತಿ". ಇದನ್ನು ಅಫಿಡವಿಟ್‌ನಲ್ಲಿ ಮುಗಿಸಲು ಹೋಗದೆ ಆಧಾರನ್ನೇ ತಿದ್ದಿಸಿ, ಆಮೇಲೆ ಡಿಮ್ಯಾಟ್ ತೆರೆದೆವು. ಬದುಕಿರುವವರ ಹೆಸರನ್ನು ತಿದ್ದಿಸುವುದು ಸುಲಭ, ತೀರಿಕೊಂಡವರದ್ದನ್ನು ವಿವರಿಸುವುದು ಸುಲಭ. ಅಮ್ಮನ ಸಹಿಗೆ ISR-2 ಫಾರ್ಮಿನಲ್ಲಿ ಬ್ಯಾಂಕ್ ಮ್ಯಾನೇಜರ್ ದೃಢೀಕರಣವೂ ಬೇಕು. ಒಂದು ಶಾಖೆಯಲ್ಲಿ "ಇಂಥದ್ದಕ್ಕೆಲ್ಲ ಸೀಲ್ ಹಾಕಲ್ಲ" ಅಂದುಬಿಟ್ಟರು. ಅಮ್ಮನನ್ನೇ ಕರೆದುಕೊಂಡು ಹೋಗಿ ಅವರ ಎದುರಲ್ಲೇ ಸಹಿ ಮಾಡಿಸಿದಾಗ ಕೆಲಸ ಆಯಿತು.

ಇದೆಲ್ಲ ಸೇರಿಸಿ, ಶೇರುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಿ ಅಂತ ಕೇಳುವ ISR-5 ಅರ್ಜಿಯ ಜೊತೆ ಆರ್‌ಟಿಎಗೆ ಕಳಿಸಿದೆವು. ಪರಿಶೀಲನೆ ಮುಗಿದ ಮೇಲೆ ಅವರು ಎಂಟೈಟಲ್‌ಮೆಂಟ್ ಲೆಟರ್ ಕೊಟ್ಟರು. ಇಂಥ ಫೋಲಿಯೋದ 1,000 ಶೇರು, ಇಂಥಿಂಥ ವರ್ಷದ ಡಿವಿಡೆಂಡ್ ಇವರಿಗೆ ಸೇರಬೇಕು ಅನ್ನುವ ಪತ್ರ ಅದು. ಇದು ಬರುವ ಮೊದಲು IEPF-5 ಹಾಕಬೇಡಿ. ಒಂದು ಆರ್ಥಿಕ ವರ್ಷದಲ್ಲಿ ಒಂದು ಕಂಪನಿಗೆ ಒಂದೇ ಒಟ್ಟು ಕ್ಲೇಮ್ ಹಾಕಬಹುದು. ಅವಸರದಲ್ಲಿ ಅರೆಬರೆ ಹಾಕಿ ಅದನ್ನು ಕಳೆದುಕೊಂಡರೆ ಕಷ್ಟ.

ಫಾರ್ಮ್ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿದೆ, ಶುಲ್ಕ ಇಲ್ಲ. ಶೇರು ಸಂಖ್ಯೆ, ವರ್ಷವಾರು ಡಿವಿಡೆಂಡ್ ಎರಡನ್ನೂ ಎಂಟೈಟಲ್‌ಮೆಂಟ್ ಲೆಟರಿನಲ್ಲಿ ಇರುವಂತೆಯೇ ತುಂಬಿ. ನಿಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ವ್ಯತ್ಯಾಸ ಇದ್ದರೆ ಮೊದಲು ಆರ್‌ಟಿಎ ಹತ್ತಿರ ಸರಿಮಾಡಿಸಿಕೊಳ್ಳಿ. ಸಲ್ಲಿಸಿದ ಮೇಲೆ SRN ಅನ್ನುವ ಅರ್ಜಿ ನಂಬರ್ ಸಿಗುತ್ತದೆ. ಫಾರ್ಮಿನ ಪ್ರಿಂಟ್, ಸ್ವೀಕೃತಿ, ಮೂಲ ಇಂಡೆಮ್ನಿಟಿ ಬಾಂಡ್, ರದ್ದು ಮಾಡಿದ ಚೆಕ್, ಡಿಮ್ಯಾಟ್ ಖಾತೆಯ ವಿವರ ಇರುವ ಕ್ಲೈಂಟ್ ಮಾಸ್ಟರ್ ಲಿಸ್ಟ್ ಇವನ್ನೆಲ್ಲ ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ದೆಹಲಿಗೆ ಅಲ್ಲ, ಕಂಪನಿಯ ನೋಂದಾಯಿತ ಕಚೇರಿಗೆ. ಆಮೇಲೆ ಕಂಪನಿ 30 ದಿನದೊಳಗೆ ಐಇಪಿಎಫ್ ಪ್ರಾಧಿಕಾರಕ್ಕೆ ಪರಿಶೀಲನಾ ವರದಿ ಹಾಕಬೇಕು, ಅದು ಬಂದ 60 ದಿನದೊಳಗೆ ಪ್ರಾಧಿಕಾರ ತೀರ್ಮಾನ ಕೊಡಬೇಕು. ನಿಯಮದಲ್ಲಿ ಇರುವುದು ಹೀಗೆ, ನಮಗೆ ಅದಕ್ಕಿಂತ ಸಾಕಷ್ಟು ಜಾಸ್ತಿಯೇ ಹಿಡಿಯಿತು. ಮಧ್ಯೆ SRN ಹಾಕಿ ಸ್ಥಿತಿ ನೋಡುತ್ತಾ ಇರಬೇಕು. ಏನಾದರೂ ಕೊರತೆ ಅಂತ ವಾಪಸ್ ಕಳಿಸಿದರೆ ಕೊಟ್ಟ ಗಡುವಿನೊಳಗೆ ಉತ್ತರ ಹೋಗಬೇಕು, ಇಲ್ಲದಿದ್ದರೆ ಕ್ಲೇಮ್ ತಿರಸ್ಕಾರ ಆಗುತ್ತದೆ.

ಶೇರುಗಳು ಅಮ್ಮನ ಡಿಮ್ಯಾಟ್‌ಗೆ ಬಂದವು. ಡಿವಿಡೆಂಡ್ ಬೇರೆಯಾಗಿ ಬ್ಯಾಂಕ್ ಖಾತೆಗೆ ಬಂತು. ಬಂದ ಮೊತ್ತವನ್ನು ವರ್ಷವಾರು ಪಟ್ಟಿಯ ಜೊತೆ ತಾಳೆ ನೋಡಿ. ಶೇರುಗಳು ಐಇಪಿಎಫ್ ಹೆಸರಿನಲ್ಲಿ ಇರುವಷ್ಟು ದಿನ ಹೊಸ ಡಿವಿಡೆಂಡೂ ಅಲ್ಲಿಗೇ ಹೋಗುತ್ತದೆ. ನಾವು ಫಾರ್ಮ್ ಹಾಕಿದ ಮೇಲೆ, ಶೇರು ಬರುವ ಮೊದಲು, ಕಂಪನಿ ಇನ್ನೊಂದು ಡಿವಿಡೆಂಡ್ ಘೋಷಿಸಿತ್ತು. ಅದು ನಮ್ಮ ಕ್ಲೇಮಿನಲ್ಲಿ ಇರಲಿಲ್ಲ, ಬರಲೂ ಇಲ್ಲ. ಅದಕ್ಕೆ ಮುಂದಿನ ಆರ್ಥಿಕ ವರ್ಷದಲ್ಲಿ ಇನ್ನೊಂದು IEPF-5 ಹಾಕುತ್ತಿದ್ದೇವೆ.