ದುಬೈನಲ್ಲಿ ಫೋನ್ ತಾಗಿಸಿ ಕೊಟ್ಟ 400 ದಿರ್ಹಮ್: ನನ್ನ ಅನುಭವ

"ರೂಪಾಯಲ್ಲೇ ಕೊಟ್ಬಿಡಿ ಭಾವ, ಲೆಕ್ಕ ನೇರವಾಗಿರುತ್ತೆ" ಅಂತ ನನ್ನ ಭಾವಮೈದ ದುಬೈನಲ್ಲಿ ಎರಡು ದಿನ ವಾದ ಮಾಡಿದ. ಅಲ್ಲಿ ಕಾರ್ಡ್ ಮಷಿನ್ ರೂಪಾಯಲ್ಲಿ ಕೊಡ್ತೀರಾ, ದಿರ್ಹಮ್‌ನಲ್ಲಿ ಕೊಡ್ತೀರಾ ಅಂತ ಕೇಳುತ್ತೆ, ನಾನು ದಿರ್ಹಮ್ ಅಂತಿದ್ದೆ. ಮೈಸೂರಿಗೆ ಬಂದು ಇಬ್ಬರ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟ ಮೇಲೆ ಒಪ್ಪಿಕೊಂಡ.

ಅಗರಬತ್ತಿ ಸ್ಯಾಂಪಲ್ ತಗೊಂಡು ದೇರಾಕ್ಕೆ ಹೋಗಿದ್ವಿ. ಇಬ್ಬರದೂ ಒಂದೇ ಬ್ಯಾಂಕಿನ, ಒಂದೇ ತರಹದ ವೀಸಾ ಕಾರ್ಡ್, ಫೋನ್ ವಾಲೆಟ್‌ಗೆ ಸೇರಿಸಿದ್ದು. ಮೊದಲ ಸಲ ಫೋನ್ ತಾಗಿಸಿದಾಗ ನನ್ನದು ನಡೀಲೇ ಇಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿದ್ದೆ, ವಿದೇಶಿ ಕಾಂಟ್ಯಾಕ್ಟ್‌ಲೆಸ್ ಆನ್ ಮಾಡಿರಲಿಲ್ಲ. ಎರಡೂ ಬೇರೆ ಬೇರೆ ಸ್ವಿಚ್. ಹೋಟೆಲ್‌ಗೆ ಹಿಂದಿರುಗಿ ವೈಫೈ ಸಿಗೋವರೆಗೂ ನಗದು ಕೊಟ್ಟು ಕಾಲ ಹಾಕಿದೆ.

ಮಾರನೇ ದಿನ ಒಂದೇ ಅಂಗಡಿಯಲ್ಲಿ ಇಬ್ಬರೂ ಹೆಚ್ಚುಕಮ್ಮಿ 400 ದಿರ್ಹಮ್ ಸಾಮಾನು ತಗೊಂಡ್ವಿ. ಮಷಿನ್ ಪರದೆಯಲ್ಲಿ AED ಅಂದರೆ ದಿರ್ಹಮ್, INR ಅಂದರೆ ರೂಪಾಯಿ, ಎರಡೂ ಬಂತು. ಅವನು INR ಒತ್ತಿದ, ನಾನು AED.

INR ಒತ್ತಿದರೆ ದರ ಹಾಕೋದು ಆ ಅಂಗಡಿಗೆ ಮಷಿನ್ ಕೊಟ್ಟ ಬ್ಯಾಂಕಿನ ಕಡೆಯವರು, ಲಾಭ ಸೇರಿಸಿಯೇ. ಅವನಿಗೆ ದಿರ್ಹಮ್‌ಗೆ ಸುಮಾರು 24 ರೂಪಾಯಿ 10 ಪೈಸೆ ಬಿತ್ತು, ಅಂದರೆ 9,640. ಅದರ ಮೇಲೆ, ವಿದೇಶದಲ್ಲಿ ರೂಪಾಯಿ ವ್ಯವಹಾರ ಅಂತ ನಮ್ಮ ಬ್ಯಾಂಕ್ ಇನ್ನೂ ಶೇ. 1, ಜೊತೆಗೆ ಜಿಎಸ್‌ಟಿ ಹಾಕಿತು. ಒಟ್ಟು 9,750ರ ಹತ್ತಿರ.

AED ಒತ್ತಿದ್ದಕ್ಕೆ ನನ್ನ ದರ ಹಾಕಿದ್ದು ವೀಸಾ, ಸುಮಾರು 22 ರೂಪಾಯಿ 70 ಪೈಸೆ. 9,080 ಆಯ್ತು. ವಿದೇಶಿ ಕರೆನ್ಸಿ ವ್ಯವಹಾರಕ್ಕೆ ನಮ್ಮ ಬ್ಯಾಂಕ್ ಹಾಕೋ ಶುಲ್ಕ, ಅಂದರೆ ಮಾರ್ಕಪ್, ಶೇ. 3.5, ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ ಸೇರಿ 9,455. ಒಂದೇ ಬಿಲ್ಲಿಗೆ ಮುನ್ನೂರು ರೂಪಾಯಿ ಉಳೀತು. ವಾಲೆಟ್ ಆ್ಯಪ್‌ಗೆ ಈ ದರದಲ್ಲಿ ಪಾತ್ರವೇ ಇಲ್ಲ, ಅದು ಕಾರ್ಡ್ ನಂಬರ್ ಬದಲಿಗೆ ಬಳಸೋ ಟೋಕನ್ ದಾಟಿಸುತ್ತೆ, ಅಷ್ಟೇ.

ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ಮುಂದಿನ ಪ್ರವಾಸಕ್ಕೆ ಅಂಥದ್ದೊಂದು ಮಾಡಿಸಿಕೊಂಡೆ, ಯಾವುದು ಅಂತ ಇಲ್ಲಿ ಹೇಳಲ್ಲ.

ಮೊದಲು ನಾನೂ ಒಂದು ತಪ್ಪು ಮಾಡಿದ್ದೆ. ಫೋನ್ ತಾಗಿಸಿದ ಕೂಡಲೇ ಎಸ್‌ಎಂಎಸ್‌ನಲ್ಲಿ ಬಂದ ಮೊತ್ತವನ್ನೇ ಖಾಯಂ ಅಂದುಕೊಂಡು, ಆಮೇಲೆ ಸ್ಟೇಟ್‌ಮೆಂಟ್‌ನಲ್ಲಿ ಇಪ್ಪತ್ತು ಮೂವತ್ತು ರೂಪಾಯಿ ಬೇರೆಯಾಗಿದ್ದಕ್ಕೆ ಬ್ಯಾಂಕಿಗೆ ದೂರು ಕೊಟ್ಟೆ. ಅಂಗಡಿಯವರ ಲೆಕ್ಕ ವೀಸಾಕ್ಕೆ ತಲುಪೋಕೆ ಒಂದೆರಡು ದಿನ ಹಿಡಿಯುತ್ತೆ, ದರ ಆ ದಿನದ್ದು ಬೀಳುತ್ತೆ. ಈಗ ವೀಸಾ ಸೈಟ್‌ನ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಸೇರಿದ ತಾರೀಕು ಹಾಕಿ ನೋಡ್ತೀನಿ, ತಾಳೆ ಆಗುತ್ತೆ.

ಯುಪಿಐ ಕೂಡ ಒಂದು ಕಡೆ ನೋಡಿದೆ. ಆ್ಯಪ್‌ನಲ್ಲಿ ವಿದೇಶಿ ಯುಪಿಐ ಆನ್ ಮಾಡಿರಬೇಕು. ಪಿನ್ ಹಾಕೋ ಮುಂಚೆಯೇ ದಿರ್ಹಮ್, ರೂಪಾಯಿ ಎರಡೂ ಕಾಣುತ್ತೆ, ಅದು ನನಗೆ ಹಿಡಿಸಿತು. ಆದರೆ ನಾನು ಸುತ್ತಿದ ಅಂಗಡಿಗಳಲ್ಲಿ ತಗೊಳ್ಳೋರು ಕಡಿಮೆ.

ಒಂದು ಕಡೆ ಕ್ಯಾಷಿಯರ್ ಕೇಳದೇ ತಾನೇ INR ಒತ್ತಿಬಿಟ್ಟ. ರಸೀದಿಯಲ್ಲಿ ರೂಪಾಯಿ ಮೊತ್ತ, ದರ ಎರಡೂ ಅಚ್ಚಾಗಿತ್ತು, ಅದನ್ನ ತೋರಿಸಿ ಆ ಪಾವತಿಯನ್ನ ಅಲ್ಲೇ ವಾಯ್ಡ್, ಅಂದರೆ ರದ್ದು ಮಾಡಿಸಿ, ದಿರ್ಹಮ್‌ನಲ್ಲಿ ಮತ್ತೆ ಫೋನ್ ತಾಗಿಸಿದೆ.