ಪಾಠದ ಮೊದಲ ಐದು ನಿಮಿಷಕ್ಕೆ ಮೂರು ಪ್ರಶ್ನೆ

ಜಯನಗರದ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಮಕ್ಕಳು ಬರುವ ಮೊದಲೇ ಕಪ್ಪುಹಲಗೆಯಲ್ಲಿ ಮೂರು ಪ್ರಶ್ನೆ ಇರುತ್ತವೆ: ನಿನ್ನೆಯದೊಂದು, ಕಳೆದ ವಾರದ್ದೊಂದು, ಕಳೆದ ತಿಂಗಳಿನದೊಂದು. ಪುಸ್ತಕ ಮುಚ್ಚಿ ಎಲ್ಲರೂ ಬರೆಯಲೇಬೇಕು. ಕೈ ಎತ್ತಿಸಿದರೆ ಚುರುಕಾದ ನಾಲ್ವರಷ್ಟೇ ನೆನಪಿಸಿಕೊಳ್ಳುತ್ತಾರೆ. ಉಳಿದವರು ಉತ್ತರ ಕೇಳಿ ತಮಗೂ ಗೊತ್ತಿತ್ತು ಎಂದುಕೊಳ್ಳುತ್ತಾರೆ.

ಮೊನ್ನೆ 1/2 + 1/3 ಕೊಟ್ಟೆ. ತಿಂಗಳ ಹಿಂದೆ ಸರಿಯಾಗಿ ಮಾಡಿದ್ದ ಆರು ಮಕ್ಕಳು 2/5 ಎಂದು ಬರೆದಿದ್ದರು. ‘ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇ?’ ಎಂದು ಕೇಳಿದೆ. ತಾವೇ 5/6 ಎಂದು ತಿದ್ದಿಕೊಂಡರು. ಅದೇ ಲೆಕ್ಕವನ್ನು ಅಂಕಿ ಬದಲಿಸಿ ಮೂರು ದಿನ ಬಿಟ್ಟು, ಆಮೇಲೆ ಹತ್ತು ದಿನ ಬಿಟ್ಟು ಮತ್ತೆ ಕೇಳುತ್ತೇನೆ.

ದಯವಿಟ್ಟು ಇದಕ್ಕೆ ಅಂಕ ಕೊಡಬೇಡಿ, ಕೊಟ್ಟರೆ ಪಕ್ಕದವರದ್ದನ್ನು ನೋಡಿ ಬರೆಯುತ್ತಾರೆ. ಅರ್ಧ ತರಗತಿಯೇ ತಪ್ಪು ಬರೆದರೆ ಮಾತ್ರ ಆ ಪಾಠವನ್ನೇ ಮತ್ತೆ ಮಾಡಬೇಕು.