ಪೇಸ್ಲಿಪ್‌ನಲ್ಲಿ ವೃತ್ತಿ ತೆರಿಗೆ: ಕೈಗೆ ಬಂದ ಸಂಬಳವಲ್ಲ, ಒಟ್ಟು ಸಂಬಳ ನೋಡಿ

ಪೇಸ್ಲಿಪ್‌ನಲ್ಲಿ 'ಪಿಟಿ' ಅಂತ 200 ರೂಪಾಯಿ ಕಡಿತವಾಗಿದ್ದು ಸರಿಯೇ ಅಂತ ತಿಳಿಯಬೇಕಾದರೆ ಒಟ್ಟು ಸಂಬಳದ ಸಾಲು ನೋಡಿ. ಕರ್ನಾಟಕದಲ್ಲಿ ಅದು ತಿಂಗಳಿಗೆ 25,000 ಮುಟ್ಟಿದರೆ ತೆರಿಗೆ ಉಂಟು, ಒಳಗಿದ್ದರೆ ಇಲ್ಲ. ಒಟ್ಟು 25,500 ಇದ್ದು, ಪಿಎಫ್ 1,800 ಹೋಗಿ 23,700 ಉಳಿದರೂ ಕಡಿತ ತಪ್ಪಲ್ಲ. ಫೆಬ್ರವರಿಯಲ್ಲಿ 300 ಕಂಡರೆ ಗಾಬರಿಯಾಗಬೇಡಿ: ಸಂವಿಧಾನದ 276ನೇ ವಿಧಿಯ ವಾರ್ಷಿಕ ಮಿತಿ 2,500, ಹನ್ನೊಂದು ತಿಂಗಳಿಗೆ 2,200 ಆಗುತ್ತದೆ, ಉಳಿದ 300 ಆ ತಿಂಗಳಿಗೆ. 2025ರ ಏಪ್ರಿಲ್‌ನಿಂದ ಹೀಗಿದೆ. ಹಳೆ ತೆರಿಗೆ ಪದ್ಧತಿಯವರು ಫಾರ್ಮ್ 16ರಲ್ಲಿ ಈ ಮೊತ್ತ ವಿನಾಯಿತಿಯಾಗಿ ಬಂದಿದೆಯೇ ಅಂತ ಖಂಡಿತ ನೋಡಿಕೊಳ್ಳಿ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಸಿಗದು. ಬೇರೆ ರಾಜ್ಯದಲ್ಲಿ ಕೆಲಸವಿದ್ದರೆ ಈ ಲೆಕ್ಕ ನಡೆಯದು, ಅಲ್ಲಿನ ಸ್ಲ್ಯಾಬ್ ಬೇರೆ.